ಮೂರನೆಯ ಪರಿಚಯ

ಸುಬ್ರಾಯಪ್ಪ ಬದುಕಿಡೀ ಪಶು ಆಸ್ಪತ್ರೆಯಲ್ಲಿ ಸಹಾಯಕರಾಗಿದ್ದವರು. ಕೊಪ್ಪದ ಹೈನುಗಾರಿಕೆ ಸಮ್ಮೇಳನಕ್ಕೆ ಅವರನ್ನು ಮಾತಾಡಲು ಕರೆದಾಗ, ಕೈಪಿಡಿಗೆ ಅವರ ಪರಿಚಯವನ್ನು ಚಿಕ್ಕದು, ಮಧ್ಯಮ, ದೊಡ್ಡದು ಎಂದು ಮೂರು ಅಳತೆಯಲ್ಲಿ ಬರೆದವರು ಉಪನ್ಯಾಸಕಿ ಅರ್ಪಿತಾ. ಒಮ್ಮೆ ಬಳಸಿದ ಮಾತು ಮತ್ತೆ ಬರಬಾರದೆಂಬ ಹಟ ಅವರದು. ಚಿಕ್ಕದರಲ್ಲಿ ‘ಪಶು ಆಸ್ಪತ್ರೆಯ ನಿವೃತ್ತ ಸಹಾಯಕರು’ ಎಂದಿತ್ತು. ಮಧ್ಯಮದಲ್ಲಿ ಅದು ‘ದನಗಳ ಚಿಕಿತ್ಸೆಯಲ್ಲಿ ಪಳಗಿದವರು’ ಆಯಿತು. ದೊಡ್ಡದರಲ್ಲಿ ‘ಹೆಸರಾಂತ ಪಶುವೈದ್ಯರು’ ಆಗಿಹೋಯಿತು. ನಿರೂಪಕರು ವೇದಿಕೆಯಲ್ಲಿ ದೊಡ್ಡದನ್ನೇ ಓದಿದರು.

ಸುಬ್ರಾಯಪ್ಪ ಮೈಕಿನ ಮುಂದೆ ತಲೆ ತಗ್ಗಿಸಿ ನಿಂತರು. “ಡಾಕ್ಟ್ರು ಮುಂದಿನ ಸಾಲಲ್ಲೇ ಕೂತಿದಾರೆ. ಅವರು ಇಂಜೆಕ್ಷನ್ ಕೊಡುವಾಗ ನಾನು ದನ ಹಿಡ್ಕೊಳ್ತಿದ್ದವ.”

ಸಭೆ ನಕ್ಕಿತು.

ಊಟದ ಹೊತ್ತಿಗೆ ಅರ್ಪಿತಾ ಕ್ಷಮೆ ಕೇಳಲು ಹೋದರು. ಬರೆದದ್ದನ್ನೇ ಬರೆಯಬಾರದೆಂದು ಹಾಗೆ ಮಾಡಿದೆ ಎಂದರು.

ಸುಬ್ರಾಯಪ್ಪ ಎಲೆಯಿಂದ ಮುಖ ಎತ್ತಲಿಲ್ಲ. “ಸಹಾಯಕ ಅಂತ ಇನ್ನೊಂದ್ಸಲ ಬರೆಯೋಕೆ ನಿಮಗೂ ನಾಚಿಕೆ ಆಯ್ತಾ, ಮೇಡಂ?”