ಹದಿನೇಳು ಒಂದು ಕಡೆ, ಐದು ಇನ್ನೊಂದು ಕಡೆ

ಭಾಲ್ಕಿಯ ಬೇಳೆ ಮಿಲ್ಲಿನಲ್ಲಿ ಬೇರಿಂಗು ಶಾಫ್ಟಿನ ಮೇಲೆ ಜಾರಿ ತಿರುಗಿ, ಕೂರುವ ಜಾಗವನ್ನೇ ಸವೆಸಿತ್ತು. ತಪ್ಪು ನನ್ನದು. ತಿರುಗುವ ಶಾಫ್ಟಿನ ಮೇಲೆ ಬೇರಿಂಗು ಬಿಗಿಯಾಗಿ ಕೂರಬೇಕು. ನಾನು ಡ್ರಾಯಿಂಗಿನಲ್ಲಿ h6 ಎಂಬ ಸಡಿಲ ಅಳತೆ ಬರೆದಿದ್ದೆ. ಹೊಸ ಶಾಫ್ಟಿಗೆ k6 ಬರೆದೆ. ಅಂದರೆ ಐವತ್ತು ಮಿಲಿಮೀಟರಿಗಿಂತ ಎರಡರಿಂದ ಹದಿನೆಂಟು ಮೈಕ್ರಾನ್ ದಪ್ಪ; ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರಾನ್. ದುಂಡಗೂ ನೇರವಾಗಿಯೂ ಇರಬೇಕು. ಅದರಲ್ಲಿ ಏರುಪೇರು ತ್ರಿಜ್ಯದ ಲೆಕ್ಕಕ್ಕೆ ಐದು ಮೈಕ್ರಾನ್ ಮೀರಬಾರದು.

ನೌಬಾದದ ನಮ್ಮ ವರ್ಕ್‌ಶಾಪಿನಲ್ಲಿ ಮಿಲ್ಲಿನ ಮಾಲೀಕರು ಕಾಯುತ್ತಿದ್ದರು. ಗ್ರೈಂಡಿಂಗ್ ಮುಗಿದ ಹೊಸ ಶಾಫ್ಟನ್ನು ಅಳೆದೆ. ಒಂದು ತುದಿ ಹದಿನೇಳು ಹೆಚ್ಚು, ಇನ್ನೊಂದು ಐದು.

"ಎರಡೂ ಲಿಮಿಟ್ಟಿನಾಗ ಅವಲ್ರಿ ಮೇಡಂ, ಕೊಟ್ಟ ಬಿಡ್ರಿ," ಅಂದರು ಗ್ರೈಂಡಿಂಗ್ ಮಾಡಿದ ಕಾಕಾ.

"ಓರೆ ಅದರಿ ಕಾಕಾ. ವ್ಯಾಸದಾಗ ಹನ್ನೆರಡು, ಅಂದ್ರ ತ್ರಿಜ್ಯದಾಗ ಆರು. ದಪ್ಪ ತುದಿ ಅಷ್ಟೇ ತಗೀರಿ."

"ಸಣ್ಣ ತುದಿ ಮೂರಕ್ಕಿಂತ ಹೆಚ್ಚ ಇಳೀತಂದ್ರ ಶಾಫ್ಟೇ ಹೋತ್ರಿ!"

"ಗೊತ್ತದರಿ."

ಕಾಕಾ ಮಶೀನಿನ ಟೇಬಲ್ಲನ್ನು ಕೂದಲೆಳೆಯಷ್ಟು ಹೊರಳಿಸಿ ಸಾಣೆಕಲ್ಲು ತಾಗಿಸಿದರು. ಶಾಫ್ಟ್ ತಣಿಯುವವರೆಗೆ ಕಾದೆವು. ಮೈಕ್ರೋಮೀಟರ್ ಹಿಡಿದು ಮತ್ತೆ ಅಳೆದೆ. ಒಂದು ಕಡೆ ಏಳು, ಇನ್ನೊಂದು ಕಡೆ ನಾಲ್ಕು. ನಡುವೆ ಆರು. ಎಲ್ಲವೂ ಲಿಮಿಟ್ಟಿನೊಳಗೆ.

"ಹಿಂದಿನ ಶಾಫ್ಟ್ ಕೆಟ್ಟಿದ್ದು ನನ್ನಿಂದರಿ," ಎಂದು ಮಾಲೀಕರಿಗೆ ಹೇಳಿದೆ.

"ನಾ ಬೇರಿಂಗೇ ಖೊಟ್ಟಿ ಅಂತ ಅಂಗಡಿಯವನ ಸಂಗಟ ಜಗಳಾ ಮಾಡಿ ಬಂದೇನ್ರಿ," ಅಂದರು ಅವರು.