ಅಕ್ಕನ ಕೆಳದವಡೆಯ ಖಾಲಿ ಗುಳಿ

ಗೊರ್ರ್, ಗೊರ್ರ್ ಎಂದು ಉಗುಳು ಹೀರುವ ನಳಿಗೆ ಸದ್ದು ಮಾಡಿತು. ಇಪ್ಪತ್ತೆರಡು ವರ್ಷ ಕೇಳಿ ಕೇಳಿ ಕಿವಿಗೇ ಬೀಳದಂತಾಗಿದ್ದ ಸದ್ದು, ಅವತ್ತು ಬೆಳಿಗ್ಗೆ ಅಕ್ಕನ ಎಡಗಿವಿಯೊಳಗೆ ಸೂಜಿಯ ಹಾಗೆ ಇಳಿಯಿತು. ಅವಳು ರೋಗಿಯ ಬಾಯಿಂದ ನಳಿಗೆ ತೆಗೆದು ಒಂದು ಗಳಿಗೆ ಕಣ್ಣು ಮುಚ್ಚಿಕೊಂಡಳು.

"ಏನಾಯ್ತಕ್ಕಾ?" ಎಂದರು ಚಿಕ್ಕ ಡಾಕ್ಟ್ರು.

"ಏನಿಲ್ಲ. ನಿಮ್ಮ ಕೆಲಸ ನೋಡಿ."

ಆ ಹಲ್ಲಿನ ಆಸ್ಪತ್ರೆಯಲ್ಲಿ ಎಲ್ಲರಿಗೂ ಅವಳು ಅಕ್ಕ. ಅವಳಿಗಿಂತ ಹತ್ತು ವರ್ಷ ದೊಡ್ಡವರಾದ ದೊಡ್ಡ ಡಾಕ್ಟ್ರಿಗೂ ಅಕ್ಕನೇ. ಅವರು ಕಣ್ಣೆತ್ತದೆ ಕೈ ಚಾಚಿದರೆ ಸಾಕು, ಬೇಕಾದ ಇಕ್ಕಳ ಅಂಗೈಯಲ್ಲಿ ಬಂದು ಕೂರುತ್ತಿತ್ತು. ಹಲ್ಲು ಕೀಳಿಸಿಕೊಂಡವರಿಗೆ ಬುದ್ಧಿ ಹೇಳುವುದೂ ಅವಳದೇ ಪಾಲು. "ಅರ್ಧ ಗಂಟೆ ಹತ್ತಿ ಕಚ್ಚಿಕೊಳ್ಳಿ. ಇವತ್ತು ಬಾಯಿ ಮುಕ್ಕಳಿಸಬೇಡಿ, ಉಗುಳಬೇಡಿ, ಸ್ಟ್ರಾದಲ್ಲಿ ಹೀರಬೇಡಿ. ಬೀಡಿ ಸಿಗರೇಟಿನ ಮುಖ ನೋಡಬೇಡಿ. ಗುಳಿಯಲ್ಲಿ ರಕ್ತ ಹೆಪ್ಪುಗಟ್ಟಿರುತ್ತೆ, ಅದೇ ಮೂಳೆಗೆ ಹೊದಿಕೆ. ಕಿತ್ತು ಹೋದ್ರೆ ಮೂಳೆ ಬೆತ್ತಲೆ. ಆಮೇಲೆ ನನ್ನ ಹತ್ರ ಅಳಬೇಡಿ." ಜನ ಡಾಕ್ಟ್ರ ಮಾತು ಮರೆತರೂ ಅಕ್ಕನ ಬೈಗುಳ ಮರೆಯುತ್ತಿರಲಿಲ್ಲ.

ಆರು ತಿಂಗಳ ಹಿಂದೆ ಚಿಕ್ಕ ಡಾಕ್ಟ್ರು ಬಂದರು. ಇಪ್ಪತ್ತೇಳರ ಹುಡುಗಿ. ಬಂದ ವಾರವೇ ಅಕ್ಕನ ಬುದ್ಧಿಮಾತನ್ನೆಲ್ಲ ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ, ತಾವೇ ನಗುನಗುತ್ತಾ ರೋಗಿಗಳಿಗೆ ಓದಿ ಹೇಳತೊಡಗಿದರು. ಸಲಕರಣೆಗಳನ್ನು ಮೊದಲೇ ಸಾಲಾಗಿ ಜೋಡಿಸಿಕೊಂಡು ತಾವೇ ಎತ್ತಿಕೊಳ್ಳುತ್ತಿದ್ದರು, ಅಕ್ಕನ ಕೈ ಗಾಳಿಯಲ್ಲೇ ಉಳಿಯುತ್ತಿತ್ತು. "ಇವಳ ಕೈ ನನ್ನ ಕೈಗಿಂತ ಹಗುರ ಅಕ್ಕಾ," ಎಂದು ದೊಡ್ಡ ಡಾಕ್ಟ್ರು ಒಂದು ದಿನ ಹೇಳಿದಾಗ ಅಕ್ಕ ತೊಳೆದ ಕನ್ನಡಿಗಳನ್ನೇ ಮತ್ತೊಮ್ಮೆ ತೊಳೆದಳು.

ದೊಡ್ಡ ಡಾಕ್ಟ್ರಿಗೆ ಬೆನ್ನು ನೋವು. ಬರುವ ತಿಂಗಳಿಂದ ಹಲ್ಲಿನ ಸೆಟ್ಟು ಕಟ್ಟುವ ಕೆಲಸ ಮಾತ್ರ ಅವರದು. ಹಲ್ಲು ಕೀಳುವ ಕುರ್ಚಿಯನ್ನು ಚಿಕ್ಕವರಿಗೆ ಕೊಡಬೇಕೋ, ಹೊರಗಿಂದ ಯಾರನ್ನಾದರೂ ಕರೆಸಬೇಕೋ ಎಂದು ಯೋಚಿಸುತ್ತಿದ್ದರು. "ಶನಿವಾರದೊಳಗೆ ಹೇಳಿ ಅಕ್ಕಾ. ಪಕ್ಕದಲ್ಲಿ ನಿಂತು ನೋಡೋರು ನೀವು. ನಿಮ್ಮ ಮಾತೇ ಕೊನೆ," ಎಂದಿದ್ದರು.

ಅದೇ ವಾರ ಅಕ್ಕನ ಕೆಳದವಡೆಯ ಕೊನೆಯ ಹಲ್ಲು ಕೀಳಲೇಬೇಕಾಗಿ ಬಂತು. ಅವಳು ದೊಡ್ಡವರ ಕುರ್ಚಿಗೆ ಹೋಗಿ ಕೂತಳು. "ಚಿಕ್ಕವರೇ ಕೀಳಲಿ, ನಿಮಗೂ ಅವರ ಕೈ ಗೊತ್ತಾಗುತ್ತೆ," ಎಂದು ಅವರು ಎದ್ದೇ ಹೋದರು. ಇಪ್ಪತ್ತೆರಡು ವರ್ಷಕ್ಕೆ ಒಂದು ಹಲ್ಲು ಕೇಳಿದರೆ ಅದನ್ನೂ ಬೇರೆಯವರ ಪಾಲು ಮಾಡಿದರು.

ಹನ್ನೊಂದು ನಿಮಿಷದಲ್ಲಿ ಹಲ್ಲು ಬಂತು. ನೋವಿರಲಿಲ್ಲ. ಅದೇ ಅಕ್ಕನ ಹೊಟ್ಟೆ ಉರಿಸಿದ್ದು.

ಸಂಜೆ ಬಾಗಿಲು ಹಾಕುವ ಮುಂಚೆ ಒಬ್ಬಳೇ ಉಳಿದಳು. ಇಷ್ಟು ಬೇಗ ಕಿತ್ತರೆ ಬೇರಿನ ಚೂರು ಒಳಗೇ ಮುರಿದು ಉಳಿದಿರಬೇಕು, ಉಳಿದಿರಲಿ ದೇವರೇ ಎಂದುಕೊಂಡಳು. ದೀಪ ಹಾಕಿ, ಬಾಯಲ್ಲಿ ಕನ್ನಡಿ ಹಿಡಿದು, ನೀರು ಗಾಳಿ ಎರಡನ್ನೂ ಬಿಡುವ ಸಿರಿಂಜನ್ನು ಗುಳಿಗೆ ಗುರಿಯಿಟ್ಟು ಒತ್ತಿದಳು. ಒಂದು ಸಲ ಸಾಲದೆಂದು ಇನ್ನೊಂದು ಸಲ. ಗುಳಿ ಸ್ವಚ್ಛವಾಯಿತು. ಬೇರಿನ ಚೂರು ಇರಲಿಲ್ಲ. ಬೇಸಿನ್ನಿನಲ್ಲಿ ಮಾತ್ರ ಹಣ್ಣಿನ ಜಾಮಿನಂಥ ಕಪ್ಪುಕೆಂಪು ಮುದ್ದೆಯೊಂದು ಜಾರಿಕೊಂಡು ಹೋಯಿತು. ಅದೇನೆಂದು ಅವಳಿಗೆ ಗೊತ್ತಿತ್ತು. ಗೊತ್ತಿಲ್ಲದವಳ ಹಾಗೆ ನಲ್ಲಿ ತಿರುಗಿಸಿದಳು.

ಮರುದಿನ ನೋವು ಇಳಿದಿತ್ತು. ಮೂರನೆಯ ದಿನ ಬೆಳಗಿನ ಜಾವಕ್ಕೆ ಎಬ್ಬಿಸಿ ಕೂರಿಸಿತು. ಹಲ್ಲಿದ್ದ ಜಾಗದಲ್ಲಷ್ಟೇ ಅಲ್ಲ, ಕಿವಿಗೆ, ಕಪಾಲಕ್ಕೆ, ಕುತ್ತಿಗೆಗೆ ಎಳೆಎಳೆಯಾಗಿ ಬಡಿಯುವ ನೋವು. ಎರಡು ಮಾತ್ರೆ ನುಂಗಿದರೂ ಜಗ್ಗಲಿಲ್ಲ. ತಣ್ಣೀರು ತಾಗಿದರೆ ಜೀವವೇ ಹೋದಂತೆ. ಬಾಯಲ್ಲಿ ಕೆಟ್ಟ ರುಚಿ, ಅವಳಿಗೇ ಬರುವಷ್ಟು ವಾಸನೆ.

ಆದರೂ ಕೆಲಸಕ್ಕೆ ಬಂದಳು, ನಳಿಗೆಯ ಸದ್ದು ಸೂಜಿಯಾದದ್ದು ಅವತ್ತೇ. ಹತ್ತು ಗಂಟೆಗೆ ಬಸ್ ಕಂಡಕ್ಟರೊಬ್ಬ ಬಂದ. ಅವನ ಹಲ್ಲನ್ನೂ ಚಿಕ್ಕವರು ಅಕ್ಕನ ಹಲ್ಲು ಕಿತ್ತ ದಿನವೇ ಕಿತ್ತಿದ್ದರು.

"ಹೇಗಿದೆಯಪ್ಪ?"

"ಮೊದಲ ದಿನ ನೋವಿತ್ತು, ಎರಡನೇ ದಿನ ಅರ್ಧ ಆಯ್ತು, ಇವತ್ತು ನೆನಪೇ ಇರಲಿಲ್ಲ ಅಕ್ಕಾ. ಸೀಟಿ ಊದಬೇಡಿ ಅಂತ ಹಾಳೆಯಲ್ಲಿ ಬರ್ದಿದ್ರು. ಮೂರು ದಿನ ಬಸ್ಸಿನ ತಗಡು ಬಡಿದೇ ಹೊರಡಿಸ್ದೆ. ಡ್ರೈವರ್ ಕಂಡಕ್ಟರ್ ಬದಲು ತಬಲಾದವನನ್ನ ಕೊಟ್ಟಿದ್ದಾರೆ ಅಂತಿದ್ದ."

ಅಕ್ಕ ಅವನ ಬಾಯಿ ನೋಡಿದಳು. ಗುಳಿಯ ತುಂಬ ಹೆಪ್ಪು, ಅಂಚಿನಿಂದ ಗುಲಾಬಿ ಬಣ್ಣದ ಹೊಸ ಚರ್ಮ. ಒಬ್ಬ ಗಂಡಸಿನ ವಸಡಿನ ಮೇಲೆ ಯಾರಿಗಾದರೂ ಹೊಟ್ಟೆಕಿಚ್ಚು ಹುಟ್ಟಿದ್ದು ಅದೇ ಮೊದಲಿರಬೇಕು.

ಅವನು ಹೋದ ಮೇಲೆ ಅವಳು ಗೋಡೆಗೆ ಒರಗಿದಳು. ಚಿಕ್ಕವರು ಬಂದು ಗಲ್ಲ ಹಿಡಿದು ನೋಡಿದರು. "ಅಕ್ಕಾ, ಕೂತ್ಕೊಳ್ಳಿ. ಈಗಲೇ."

ದೀಪ ಬಾಯೊಳಗೆ ಬಿತ್ತು. ದೊಡ್ಡವರೂ ಬಂದು ಬಗ್ಗಿ ನೋಡಿದರು. ಗುಳಿ ಖಾಲಿ, ತಳದಲ್ಲಿ ಬೂದುಬಣ್ಣದ ಮೂಳೆ ಕಾಣುತ್ತಿತ್ತು.

"ಡ್ರೈ ಸಾಕೆಟ್. ಹೆಪ್ಪು ಕಿತ್ತು ಹೋಗಿದೆ," ಎಂದರು ದೊಡ್ಡವರು. ಚಿಕ್ಕವರ ಕಡೆ ತಿರುಗಿ, "ಕೀಳುವಾಗ ತುಂಬ ಅಲ್ಲಾಡಿಸಬೇಕಾಯ್ತಾ? ಮೂಳೆಗೆ ಪೆಟ್ಟು ಬಿದ್ದಿತ್ತಾ?"

"ಇಲ್ಲ ಅಂದ್ಕೊಂಡಿದ್ದೆ ಸಾರ್. ಕೆಳಗಿನ ಹಿಂದಿನ ಹಲ್ಲುಗಳಿಗೆ ಇದು ಜಾಸ್ತಿ. ಆದ್ರೂ ನನ್ನ ಕೈ ಭಾರ ಬಿದ್ದಿರಬಹುದು. ತಪ್ಪು ನಂದೇ ಇರಬೇಕು."

ಅಕ್ಕನ ಬಾಯಿ ಅಗಲ ತೆರೆದಿತ್ತು, ತುಂಬ ಹತ್ತಿ. ಮಾತಾಡುವ ಹಾಗಿರಲಿಲ್ಲ. ಮಾತಾಡಬೇಕೆಂದೂ ಅವಳಿಗೆ ಅನಿಸಲಿಲ್ಲ. ಸುಮ್ಮನಿದ್ದರೆ ಸಾಕು, ಕುರ್ಚಿ ಹೊರಗಿನವರ ಪಾಲು, ಈ ಹುಡುಗಿ ಹಾಳೆ ಮಡಚಿಕೊಂಡು ಮೂಲೆಗೆ. ಆರು ತಿಂಗಳಿಂದ ಬೇಡಿಕೊಂಡದ್ದು ತಟ್ಟೆಯಲ್ಲಿ ಬಂದು ಕೂತಿತ್ತು.

"ಆ್ಯಂಟಿಬಯಾಟಿಕ್?" ಎಂದು ದೊಡ್ಡವರು ಪರೀಕ್ಷೆ ಮಾಡುವವರ ಹಾಗೆ ಕೇಳಿದರು.

"ಬೇಡ ಸಾರ್. ಜ್ವರ ಇಲ್ಲ, ಕೀವಿಲ್ಲ, ಊತ ಇಲ್ಲ. ಕೆರೆಯೋದೂ ಬೇಡ. ತೊಳೆದು ಮದ್ದಿನ ಪಟ್ಟಿ ಇಡ್ತೀನಿ."

ಬೆಚ್ಚಗಿನ ಉಪ್ಪುನೀರನ್ನು ಚಿಕ್ಕವರು ಹನಿಹನಿಯಾಗಿ ಬಿಟ್ಟರು. ಸಿಕ್ಕಿದ್ದ ಅಗುಳು ಹೊರಬಂತು. ಲವಂಗದೆಣ್ಣೆಯ ಘಾಟು ಎದ್ದಿತು. ಮದ್ದಿನಲ್ಲಿ ನೆನೆದ ಕಿರಿದಾದ ಪಟ್ಟಿಯನ್ನು ಗುಳಿಯೊಳಗೆ ಸಡಿಲವಾಗಿ ತುಂಬುವಾಗ ಅವರ ಹಣೆಯಲ್ಲಿ ಬೆವರಿತ್ತು. ನೋಯಿಸಿಬಿಟ್ಟೇನೆಂಬ ಹೆದರಿಕೆಯ ಬೆವರು. ಅಕ್ಕ ಅದನ್ನು ಇಷ್ಟು ಹತ್ತಿರದಿಂದ ನೋಡಿರಲಿಲ್ಲ. ಕೈ ನಿಜವಾಗಿಯೂ ಹಗುರವಾಗಿತ್ತು. ಹಾಳು ಕೈ.

ಐದು ನಿಮಿಷಕ್ಕೆ ಕಿವಿ ಬಿಟ್ಟಿತು. ಹತ್ತು ನಿಮಿಷಕ್ಕೆ ಕಪಾಲ. ಬೆಳಗಿನ ಜಾವದಿಂದ ಮೊದಲ ಬಾರಿ ಅವಳು ಪೂರ್ತಿ ಉಸಿರೆಳೆದಳು. ನೋವು ಹೋದ ಜಾಗದಲ್ಲಿ ನಾಚಿಕೆ ಬಂದು ಕೂತಿತು.

"ಅಕ್ಕಾ, ಕಿತ್ತ ದಿನ ಏನಾದ್ರೂ ಮುಕ್ಕಳಿಸಿದ್ರಾ?" ಎಂದು ದೊಡ್ಡವರು ಕೇಳಿದರು. "ನಿಮ್ಮನ್ನ ಕೇಳೋದೇ ತಪ್ಪು ಬಿಡಿ."

"ಮುಕ್ಕಳಿಸಲಿಲ್ಲ," ಎಂದಳು ಅಕ್ಕ. "ಸಿರಿಂಜಲ್ಲಿ ನೀರು ಹೊಡ್ದೆ. ಎರಡು ಸಲ."

"ಯಾಕೆ?"

"ಬೇರು ಉಳ್ಸಿದ್ದಾರಾ ನೋಡೋಕೆ."

ಚಿಕ್ಕವರು ಮೆಲ್ಲಗೆ ಕೇಳಿದರು, "ಉಳ್ದಿತ್ತಾ ಅಕ್ಕಾ?"

"ಇಲ್ಲ. ಉಳ್ದಿದ್ರೆ ಇಷ್ಟೊತ್ತಿಗೆ ಊರಿಗೆಲ್ಲ ಹೇಳಿರ್ತಿದ್ದೆ." ಅಕ್ಕ ಎದೆಯ ಮೇಲಿನ ಕಾಗದ ಬಿಚ್ಚಿ ಕುರ್ಚಿಯಿಂದಿಳಿದಳು. ದೊಡ್ಡವರ ಮುಖ ನೋಡಲಿಲ್ಲ. "ಶನಿವಾರದ ತನಕ ಯಾಕೆ, ಈಗಲೇ ಹೇಳ್ತೀನಿ. ಕುರ್ಚಿ ಇವರಿಗೇ ಕೊಡಿ. ನನಗೆ ಸಂತೋಷ ಅಂತ ಮಾತ್ರ ಬರ್ಕೋಬೇಡಿ."

"ಇಪ್ಪತ್ತೆರಡು ವರ್ಷ ಊರಿಗೆಲ್ಲ ಬುದ್ಧಿ ಹೇಳಿ, ಕೊನೆಗೆ ನೀವೇ..." ಎಂದು ದೊಡ್ಡವರು ಶುರು ಮಾಡಿದರು.

"ನಾಳಿದ್ದು ಪಟ್ಟಿ ಬದಲಾಯಿಸ್ಬೇಕು ಅಕ್ಕಾ," ಎಂದರು ಚಿಕ್ಕವರು ಅವರ ಮಾತಿನ ಮೇಲೇ. "ಒಂದು ವಾರ, ಹತ್ತು ದಿನದಲ್ಲಿ ಅಡಿಯಿಂದ ಹೊಸ ಮಾಂಸ ಬರುತ್ತೆ. ಅಲ್ಲೀವರೆಗೆ ದಯವಿಟ್ಟು ಆ ಸಿರಿಂಜು..."

ಅಕ್ಕ ಆಗಲೇ ಬಾಗಿಲು ದಾಟಿದ್ದಳು. ಹೊರಗಿನ ಬೆಂಚಿನ ಮುಂದೆ ನಿಂತು, ಮುಂದಿನವರು ಯಾರು ಎಂದು ಕೇಳುತ್ತಿದ್ದಳು.