ಮುಖ್ಯವಾದ ವಿಷಯ ಏನಂದ್ರೆ

ಹಳೆಯ ಗಾಲಿಕುರ್ಚಿಗಳನ್ನು ರಿಪೇರಿ ಮಾಡಿ ಮಾರುವ ಚಕ್ರದಕ್ಕನಿಗೆ ಕೈ ಎಷ್ಟು ಚುರುಕೋ ಬಾಯಿ ಅದಕ್ಕಿಂತ ಚುರುಕು. ಅಂಗಡಿಗೆ ಬಂದವರನ್ನು ಕುರ್ಚಿಯಲ್ಲಿ ಕೂರಿಸಿ, ಊರ ಕಥೆಯೆಲ್ಲ ಹೇಳಿ, ಕುಂದೇನಿದ್ದರೂ ಕೊನೆಗೆ ಮೆಲ್ಲಗೆ ಹೇಳುವುದು ಅವಳ ಪದ್ಧತಿ. ಆನ್‌ಲೈನಿನಲ್ಲಿ ಮಾರಲು ಶುರುಮಾಡಿದ ಮೇಲೂ ಹಾಗೇ ಬರೆದಳು.

ಒಂದು ಕುರ್ಚಿ ಮಾತ್ರ ಎರಡು ಸಲ ವಾಪಸ್ ಬಂತು. ‘ಎಡಗಡೆ ಬ್ರೇಕ್ ಹಿಡಿ ಇಲ್ಲ ಅಂತ ಹೇಳಲೇ ಇಲ್ಲ’ ಎಂದು ಇಬ್ಬರದೂ ಒಂದೇ ದೂರು. ಇನ್ನೊಮ್ಮೆ ಹೀಗಾದರೆ ನಿಮ್ಮ ಖಾತೆ ಬಂದ್ ಎಂದು ಸೈಟಿನವರು ಎಚ್ಚರಿಸಿದರು. ಅವಳ ಹೊಟ್ಟೆಪಾಡೇ ಅದು.

“ಬರೆದಿದ್ದೀನಲ್ರೀ! ನನಗೇನು ತಲೆ ಕೆಟ್ಟಿದೆಯಾ?” ಎಂದು ಮೊಬೈಲಿನಲ್ಲಿ ಬರೆದಿಟ್ಟುಕೊಂಡಿದ್ದನ್ನು ಗಂಡನ ಮುಖಕ್ಕೆ ಹಿಡಿದಳು. ಇತ್ತು. ಅವನು ಸೈಟು ತೆರೆದು ನೋಡಿದ. ಅಲ್ಲಿ ಬರಹ, ‘ಮುಖ್ಯವಾದ ವಿಷಯ ಏನಂದ್ರೆ’ ಎಂಬಲ್ಲಿಗೆ ನಿಂತುಬಿಟ್ಟಿತ್ತು.

“ಐನೂರು ಅಕ್ಷರ ಆದಮೇಲೆ ಸೈಟಿನ ಈ ಬರೆಯೋ ಡಬ್ಬಿ ತಗೊಳ್ಳಲ್ಲ ಕಣೇ. ಪೇಸ್ಟ್ ಮಾಡಿದಾಗ ಬಾಲ ಕತ್ತರಿಸಿದೆ, ತುಟಿ ಪಿಟಕ್ ಅಂದಿಲ್ಲ.”

“ನಾನು ಬರೆದಿದ್ದು ಅಷ್ಟೆಲ್ಲಿದೆ?” ಅವಳು ಬೆರಳು ಮಡಚಿ ಎಣಿಸಿದಳು. ಯಂತ್ರದ ಲೆಕ್ಕ ಎಲ್ಲೋ, ಇವಳದೆಲ್ಲೋ.

“ಅದು ಕೊಂಬು, ಒತ್ತು ಎಲ್ಲ ಬೇರೆಬೇರೆ ಎಣಿಸತ್ತೆ. ಕುರ್ಚಿ ಅಂದ್ರೆ ನಿಂಗೆ ಎರಡು, ಅದಕ್ಕೆ ಆರು.”

ಅಯ್ಯೋ ದೇವರೇ! ಹಾಗಾದರೆ ಕೊಂಡವರಿಗೆ ಕಂಡದ್ದು ಬರೀ ಹೊಗಳಿಕೆ. ಮೋಸ ಮಾಡಿದ್ದು ತಾನೋ, ಆ ಡಬ್ಬಿಯೋ? 

ಗಂಡ ಅವಳ ಬರಹದ ನಡುವೆ ಕತ್ತರಿ ಆಡಿಸಿ ಓದಿದ: “ಎಡಗಡೆ ಹಿಡಿ ಮುರಿದಿದೆ. ಟೈರ್ ಹೊಸದು.”

“ಅದಲ್ಲ! ಮೊದಲು ಮುರಿದಿತ್ತು. ಆಮೇಲೆ ನಾನು ಅದನ್ನ ತೆಗೆದೆ. ಆಮೇಲೆ ಎರಡೂ ಚಕ್ರದ ಬ್ರೇಕನ್ನ ಬಲಗಡೆ ಹಿಡಿಗೇ ಜೋಡಿಸಿದೆ. ನಡುವಿಂದು ಹೋದ್ರೆ ಕುರ್ಚಿ ಇನ್ನೂ ಕೆಟ್ಟೇ ಇದೆ ಅಂತಾಯ್ತಲ್ಲ!”

“ಹಾಗಾದ್ರೆ ಏನು ತೆಗೀಲಿ?”

ಅವಳೇ ಒಂದೊಂದಾಗಿ ತೋರಿಸಿದಳು. ಕುರ್ಚಿಯ ಹಳೇ ಯಜಮಾನರ ಕಥೆ ಹೋಯಿತು, ಬಣ್ಣದ ಬಣ್ಣನೆ ಹೋಯಿತು. ಕುಂದನ್ನೇ ಮುಂದಿಟ್ಟರೆ ಯಾರು ಕೊಳ್ಳುತ್ತಾರೆ? ಆದರೂ ಹಲ್ಲು ಕಚ್ಚಿ ಹೇಳಿ ಬರೆಸಿದಳು:

‘ಮಡಚುವ ಗಾಲಿಕುರ್ಚಿ, ರಿಪೇರಿಯಾದದ್ದು. ಎಡಗಡೆ ಹಿಡಿ ಮುರಿದಿತ್ತು, ತೆಗೆದಿದ್ದೇವೆ. ಈಗ ಬಲಗಡೆಯ ಒಂದೇ ಹಿಡಿ ಎರಡೂ ಚಕ್ರ ತಡೆಯುತ್ತದೆ. ಸೀಟಿನ ಅಗಲ ಹದಿನೆಂಟು ಇಂಚು. ನೂರು ಕೆ.ಜಿ. ತನಕ. ಟೈರ್ ಹೊಸದು.’

ಜಾಗ ಇನ್ನೂ ಉಳಿದಿತ್ತು. ಅದೂ ಅವಳಿಗೆ ಅರ್ಥವಾಗಲಿಲ್ಲ.

ಮರುದಿನ ಒಬ್ಬ ಹೆಂಗಸಿನ ಫೋನು. “ಅಕ್ಕಾ, ಒಂದೇ ಕೈಲಿ ಎರಡೂ ಚಕ್ರ ನಿಲ್ಲತ್ತಾ? ನಿಜವಾಗ್ಲೂ? ನಮ್ಮಪ್ಪಂಗೆ ಎಡಗೈ ಸ್ವಾಧೀನ ಇಲ್ಲ. ಬ್ರೇಕ್ ಹಾಕೋಕೂ ನನ್ನನ್ನೇ ಕೂಗ್ತಾರೆ, ಕೂಗಿ ಅಳ್ತಾರೆ. ಇಂಥದ್ದನ್ನ ಎಷ್ಟು ತಿಂಗಳಿಂದ ಹುಡುಕ್ತಿದ್ದೀನಿ. ಎಲ್ಲಿತ್ತಕ್ಕಾ ಇದು ಇಷ್ಟು ದಿನ?”

ಊರ ಕಥೆ ಹೇಳಲು ಬಾಯಿ ತೆರೆದ ಚಕ್ರದಕ್ಕನಿಗೆ, ಸೈಟು ಕತ್ತರಿಸಿದ್ದ ಆ ಬಾಲ ನೆನಪಾಯಿತು.

“ಕೊನೇ ಸಾಲಲ್ಲಿತ್ತಮ್ಮ,” ಎಂದಳು, ಅಷ್ಟೇ.